ಪತ್ತನಾಜೆ ಕಳೆದ ಮೇಲೆ ಮದ್ದು: ಗಡುವಿನ ಬಗ್ಗೆ ನಮ್ಮ ತಪ್ಪು ಕಲ್ಪನೆಗಳು

ಪಾಣೆಮಂಗಳೂರಿನಿಂದ ಕಲ್ಲಡ್ಕ, ವಿಟ್ಲದ ಕಡೆಗೆ ಹೋಗುವ ದಾರಿಯ ಎರಡೂ ಬದಿಗೆ ಅಡಿಕೆ ತೋಟಗಳಿವೆ. ಮೇ ತಿಂಗಳ ಕೊನೆಯ ವಾರ ಈ ಭಾಗದ ಯಾವ ಅಂಗಡಿಯ ಎದುರು ನಿಂತರೂ ಒಂದೇ ಮಾತು ಕೇಳುತ್ತದೆ: "ಮದ್ದು ಬಿಟ್ಟಾಯ್ತಾ?" ಹೆಚ್ಚಿನವರ ಉತ್ತರವೂ ಒಂದೇ: "ಇಲ್ಲ ಮಾರಾಯ್ರೇ, ಜನ ಸಿಗುವುದಿಲ್ಲ." ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆಗಾಲ ಹಿಡಿಯುವ ಮುಂಚೆ ಮುಗಿಯಬೇಕು. ಇದು ಇಲ್ಲಿನ ಎಲ್ಲರಿಗೂ ಗೊತ್ತು, ಪ್ರತಿ ವರ್ಷವೂ ಗೊತ್ತು. ಆದರೂ ಕೆಲಸ ಶುರುವಾಗುವುದು ಪಡುವಣದಲ್ಲಿ ಮೋಡ ಕಟ್ಟಿದ ಮೇಲೆ. ಕೊಟ್ಟಷ್ಟು ಸಮಯವನ್ನೂ ಕೆಲಸ ಹೇಗೆ ನುಂಗುತ್ತದೆ, ಗಡುವು ಎದುರಿಗೆ ಬರುವವರೆಗೆ ನಾವು ಯಾಕೆ ಕೈ ಹಾಕುವುದಿಲ್ಲ ಎಂಬುದನ್ನು ನೋಡಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ. ಕಚೇರಿಯ ಗಡುವನ್ನು ಮೇಲಧಿಕಾರಿ ಮುಂದೆ ಹಾಕಬಹುದು, ಮಳೆ ಹಾಗೆ ಹಾಕುವುದಿಲ್ಲ.

ತಪ್ಪು ಕಲ್ಪನೆ: ಕೊನೆ ಗಳಿಗೆಗೆ ಕೆಲಸ ಹಿಡಿಯುವವರು ಸೋಮಾರಿಗಳು

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿನ ಕೃಷಿಕರು ಸುಮ್ಮನೆ ಕೂತಿರುವುದಿಲ್ಲ. ತೋಟಕ್ಕೆ ನೀರು ಬಿಡಬೇಕು, ಕಟ್ಟಿಗೆ, ತರಗೆಲೆ ಒಟ್ಟು ಮಾಡಬೇಕು, ಒಣಗಿದ ಅಡಿಕೆ ಸುಲಿಸಬೇಕು. ಮದುವೆ, ಬ್ರಹ್ಮಕಲಶ, ನೇಮ, ಯಕ್ಷಗಾನ ಎಲ್ಲವೂ ಅದೇ ತಿಂಗಳುಗಳಲ್ಲಿ. ತುಳುನಾಡಿನ ಲೆಕ್ಕದಲ್ಲಿ ಇವಕ್ಕೆಲ್ಲ ತೆರೆ ಬೀಳುವುದು ಪತ್ತನಾಜೆಗೆ, ಅಂದರೆ ಬೇಶ ತಿಂಗಳ ಹತ್ತಕ್ಕೆ. ಅದು ಮೇ 24ರ ಆಸುಪಾಸಿಗೆ ಬರುತ್ತದೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಆಮೇಲೆ ಮಳೆಗಾಲದ ಕೆಲಸ. ಆದ್ದರಿಂದ "ಪತ್ತನಾಜೆ ಕಳೆಯಲಿ, ಮದ್ದು ಬಿಡುವಾ" ಎಂಬ ಮಾತು ಸೋಮಾರಿಯ ಮಾತಲ್ಲ. ತಲೆಮಾರುಗಳಿಂದ ಬಂದ ಒಂದು ಪಂಚಾಂಗ ಅದರ ಹಿಂದಿದೆ.

ತೊಡಕು ಇರುವುದು ಬೇರೆ ಕಡೆ. ನಾಡಿದ್ದಿನ ಮದುವೆಗೆ ಹೋಗದಿದ್ದರೆ ನಾಡಿದ್ದೇ ಯಾರಾದರೂ ಕೇಳುತ್ತಾರೆ. ಇವತ್ತು ಮದ್ದಿನ ಪಂಪು ತೆಗೆದು ನೋಡದಿದ್ದರೆ ಇವತ್ತು ಯಾರೂ ಕೇಳುವುದಿಲ್ಲ, ಅದರ ನಷ್ಟ ಕಾಣುವುದು ಜುಲೈಯಲ್ಲಿ. ದೂರದ ದೊಡ್ಡ ನಷ್ಟಕ್ಕಿಂತ ಹತ್ತಿರದ ಸಣ್ಣ ಒತ್ತಾಯ ಮನಸ್ಸಿಗೆ ಭಾರವಾಗಿ ಕಾಣುತ್ತದೆ. ಗಡುವು ಹತ್ತಿರ ಬಂದಂತೆ ಅದರ ಭಾರ ಸಮವಾಗಿ ಏರುವುದಿಲ್ಲ, ಕೊನೆಯ ಕೆಲವು ದಿನಗಳಲ್ಲಿ ಒಮ್ಮೆಲೇ ಏರುತ್ತದೆ. ಚುರುಕಿನ ಮನುಷ್ಯರಿಗೂ ಹೀಗೇ ಆಗುತ್ತದೆ. ಆದ್ದರಿಂದ "ಈ ವರ್ಷ ಬೇಗ ಶುರು ಮಾಡಬೇಕು" ಎಂದು ಮನಸ್ಸು ಗಟ್ಟಿ ಮಾಡಿಕೊಂಡರೆ ಪ್ರಯೋಜನ ಕಡಿಮೆ. ಹತ್ತಿರದ ದಿನಗಳಲ್ಲೇ ಯಾರಾದರೂ ಬಂದು ಕೇಳುವ ಹಾಗೆ ಮಾಡಿಕೊಂಡರೆ ಪ್ರಯೋಜನವಿದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ತಪ್ಪು ಕಲ್ಪನೆ: ಸಮಯ ಹೆಚ್ಚು ಇದ್ದಷ್ಟು ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ

ಬ್ರಿಟಿಷ್ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರ ನವೆಂಬರ್‌ನಲ್ಲಿ 'ದಿ ಎಕಾನಮಿಸ್ಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಇರುವ ಸಮಯವೆಲ್ಲ ತುಂಬುವವರೆಗೆ ಕೆಲಸ ಹಿಗ್ಗುತ್ತದೆ ಎಂಬುದು ಅದರ ಮೊದಲ ಮಾತು. ಬಿಡುವಾಗಿರುವ ಒಬ್ಬ ಹಿರಿಯ ಮಹಿಳೆ ಸೋದರ ಸಂಬಂಧದ ಹುಡುಗಿಗೆ ಒಂದು ಕಾರ್ಡು ಬರೆಯಲು ಇಡೀ ದಿನ ತೆಗೆದುಕೊಳ್ಳುವ ಚಿತ್ರ ಅದರಲ್ಲಿದೆ. ಆದರೆ ಪಾರ್ಕಿನ್ಸನ್ ಮುಖ್ಯವಾಗಿ ಹೇಳಹೊರಟದ್ದು ಕಚೇರಿಗಳು ಊದಿಕೊಳ್ಳುವುದರ ಬಗ್ಗೆ. ಅವರು ಕೊಟ್ಟ ಲೆಕ್ಕದ ಪ್ರಕಾರ 1914ರಲ್ಲಿ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 62 ಇದ್ದವು, 1928ಕ್ಕೆ 20 ಉಳಿದವು. ಅದೇ ಅವಧಿಯಲ್ಲಿ ನೌಕಾ ಇಲಾಖೆಯ ಕಚೇರಿ ಅಧಿಕಾರಿಗಳು 2,000ದಿಂದ 3,569 ಆದರು. ಹಡಗು ಕಡಿಮೆಯಾಯಿತು, ಅವುಗಳ ಕಾಗದಪತ್ರ ನೋಡುವವರು ಹೆಚ್ಚಾದರು. ಅಲ್ಲಿ ಯಾರೂ ಮೈಗಳ್ಳರಾಗಿರಲಿಲ್ಲ. ಎಲ್ಲರ ಕೈಯಲ್ಲೂ ಕೆಲಸವಿತ್ತು, ಒಬ್ಬರು ಇನ್ನೊಬ್ಬರಿಗೆ ಹುಟ್ಟಿಸಿದ ಕೆಲಸ.

ತೋಟದ ಮನೆಯಲ್ಲಿ ಇದು ಕಾಣುವುದು ಹೀಗೆ. ಮದ್ದು ಬಿಡುವ ಪಂಪು ತೊಳೆದು, ವಾಷರ್ ನೋಡಿ, ಪೈಪು ಬಿಡಿಸಿ ನೀರು ಹಾಯಿಸಿ ಪರೀಕ್ಷಿಸುವುದು ಅರ್ಧ ದಿನದ ಕೆಲಸ. ಅದಕ್ಕೆ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಸಮಯವಿದೆ ಎಂದು ಬಿಟ್ಟರೆ ಒಂದು ದಿನ ಪಂಪು ಕೊಟ್ಟಿಗೆಯಿಂದ ಜಗಲಿಗೆ ಬರುತ್ತದೆ. ಇನ್ನೊಂದು ದಿನ, ಹೊಸದೇ ತೆಗೆದುಕೊಂಡರೆ ಹೇಗೆ ಎಂಬ ಚರ್ಚೆ. ಆಮೇಲೆ ಪಕ್ಕದ ಮನೆಯವರ ಪಂಪು ನೋಡಿ ಬರುವುದು, ಬೆಲೆ ವಿಚಾರಿಸುವುದು. ತಿಂಗಳು ಮುಗಿಯುವಾಗ ಮನೆಯವರಿಗೆಲ್ಲ ತುಂಬಾ ಓಡಾಡಿದ ಆಯಾಸವಿದೆ, ಹಳೆಯ ವಾಷರ್ ಮಾತ್ರ ಹಳೆಯದೇ ಇದೆ. ಹೆಚ್ಚು ಸಮಯ ಹೆಚ್ಚು ಯೋಚನೆಯನ್ನು ತಂದಿತು, ಯೋಚನೆಗೊಂದು ಕೊನೆಯನ್ನು ತರಲಿಲ್ಲ. ಇಂಥ ಕೆಲಸಕ್ಕೆ ಬೇಕಾದದ್ದು ಒಂದು ದಿನಾಂಕ, ಜೊತೆಗೆ ಮುಗಿಯಿತು ಎನ್ನುವುದಕ್ಕೆ ಒಂದು ಗುರುತು: "ಮೇ 5ರ ಬೆಳಿಗ್ಗೆ, ಒಂದು ಬ್ಯಾರೆಲ್ ನೀರು ಪಂಪಿನಲ್ಲಿ ಪೂರ್ತಿ ಹೊರಗೆ ಹೋಗಬೇಕು." ಒಂದು ಬ್ಯಾರೆಲ್ ಪೂರ್ತಿ ಯಾಕೆಂದರೆ ಎರಡು ಕೊಡ ನೀರಿಗೆ ಚೆನ್ನಾಗಿ ಓಡಿದ ಪಂಪು ಹತ್ತು ನಿಮಿಷ ಒತ್ತಡದಲ್ಲಿ ಓಡಿದಾಗ ಪೈಪಿನ ಜೋಡಣೆಯಲ್ಲಿ ಸೋರುತ್ತದೆ.

ತಪ್ಪು ಕಲ್ಪನೆ: ಒತ್ತಡ ಬಿದ್ದರೇ ಕೆಲಸ ಚೆನ್ನಾಗಿ ಆಗುವುದು

ಒತ್ತಡ ಬಿದ್ದರೆ ಕೆಲಸ ಬೇಗ ಆಗುತ್ತದೆ, ಅದು ನಿಜ. ಚೆನ್ನಾಗಿ ಆಗುತ್ತದೆಯೇ ಎಂದು ನೋಡಲು ಬೋರ್ಡೋ ದ್ರಾವಣ ತಯಾರಿಸುವ ಜಾಗಕ್ಕೇ ಹೋಗೋಣ.

ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. 200 ಲೀಟರಿನ ಬ್ಯಾರೆಲಿಗೆ ಎರಡೆರಡು ಕಿಲೋ. ಮೈಲುತುತ್ತು ಬೇಗ ಕರಗುವುದಿಲ್ಲ, ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡಬೇಕು. ಪಾತ್ರೆ ಪ್ಲಾಸ್ಟಿಕ್ಕಿನದಾಗಿರಬೇಕು, ಕಬ್ಬಿಣ ಆಗದು. ಸುಣ್ಣವನ್ನು ಬೇರೆಯಾಗಿ ಅರಳಿಸಿ, ಸೋಸಿ, ಅರ್ಧ ಪಾಲು ನೀರಿನಲ್ಲಿ ಕಲಸಬೇಕು. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಒಬ್ಬರು ಬಿಡದೆ ಕೋಲಿನಿಂದ ತಿರುವಬೇಕು. ಸರಿಯಾಗಿ ಬಂದರೆ ಆಕಾಶದ ತಿಳಿನೀಲಿ. ಅಷ್ಟಾದ ಮೇಲೆ ಒಂದು ಪರೀಕ್ಷೆಯಿದೆ. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಬೇಕು. ಬಿಡಿಯಾಗಿ ಉಳಿದ ತಾಮ್ರ ಎಳೆ ಕಾಯಿಯನ್ನು ಸುಡುತ್ತದೆ. ಮಾಡಿದ ದ್ರಾವಣ ಅದೇ ದಿನ ಮುಗಿಯಬೇಕು, ಮರುದಿನಕ್ಕೆ ಅಂಟುವ ಗುಣ ಹೋಗುತ್ತದೆ.

ಮರ ಹತ್ತುವವರು ಅಂಗಳದಲ್ಲಿ ನಿಂತಿದ್ದಾರೆ, ಮಧ್ಯಾಹ್ನಕ್ಕೆ ಮಳೆ ಬರುವ ಲಕ್ಷಣವಿದೆ ಎನ್ನುವಾಗ ಇದರಲ್ಲಿ ಯಾವುದು ಬಿಟ್ಟುಹೋಗುತ್ತದೆ? ರಾತ್ರಿ ನೆನೆಸುವುದು ಹೋಗುತ್ತದೆ, ಸೋಸುವುದು ಹೋಗುತ್ತದೆ, ಕತ್ತಿ ಅದ್ದುವುದು ಮೊದಲೇ ಹೋಗುತ್ತದೆ. ಸಿಂಪಡಿಸುವುದು ಮಾತ್ರ ಹೋಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಮದ್ದು ಬಿಟ್ಟಾಗಿದೆ. ಅವಸರದಲ್ಲಿ ಕೆಡುವುದು ಕಣ್ಣಿಗೆ ಕಾಣದ ಹಂತಗಳು, ಹಾಗಾಗಿಯೇ ಅವಸರದವರಿಗೆ ತಮ್ಮ ಕೆಲಸ ಚೆನ್ನಾಗಿಯೇ ಆಯಿತೆಂದು ತೋರುತ್ತದೆ.

2002ರಲ್ಲಿ ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟೆನ್‌ಬ್ರಾಕ್ ಪ್ರಕಟಿಸಿದ ಪ್ರಯೋಗ ಇದನ್ನೇ ಬೇರೆ ಕೆಲಸದಲ್ಲಿ ತೋರಿಸಿತು. ಕರಡು ತಿದ್ದುವವರಿಗೆ ಮೂರು ಬರಹ, ಮೂರು ವಾರ ಸಮಯ. ಒಂದು ಗುಂಪು ವಾರಕ್ಕೊಂದು ಒಪ್ಪಿಸಬೇಕು, ಇನ್ನೊಂದು ಗುಂಪು ಕೊನೆಯ ದಿನ ಮೂರನ್ನೂ ಒಪ್ಪಿಸಿದರೆ ಸಾಕು, ಮತ್ತೊಂದು ಗುಂಪಿನವರು ದಿನಾಂಕ ತಾವೇ ಹಾಕಿಕೊಳ್ಳಬಹುದು. ವಾರಕ್ಕೊಂದು ಕೊಟ್ಟವರು ಹೆಚ್ಚು ತಪ್ಪು ಹಿಡಿದರು. ಒಂದೇ ಕೊನೆಯ ಗಡುವಿದ್ದವರು ಎಲ್ಲರಿಗಿಂತ ಕಡಿಮೆ ಹಿಡಿದರು, ತಡವಾಗಿಯೂ ಕೊಟ್ಟರು. ತಾವೇ ಗಡುವು ಹಾಕಿಕೊಂಡವರು ನಡುವೆ ನಿಂತರು.

ತಪ್ಪು ಕಲ್ಪನೆ: ಎಷ್ಟು ಬೇಗ ಮುಗಿಸಿದರೆ ಅಷ್ಟು ಒಳ್ಳೆಯದು

ಕೊನೆ ಗಳಿಗೆಯ ಓಟದಿಂದ ಬೇಸತ್ತವರು ಹಾರುವುದು ಈ ಕಡೆಗೆ. ಇದೂ ತಪ್ಪೇ. ಕೊಳೆರೋಗದ ರೋಗಾಣು ಫೈಟಾಫ್ತೊರ ಮಳೆಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಗೊನೆಯಿಂದ ಗೊನೆಗೆ ಹೋಗುತ್ತದೆ. ಬೋರ್ಡೋ ದ್ರಾವಣ ಕಾಯಿಯ ಮೇಲೆ ತೆಳುವಾದ ತಾಮ್ರದ ಪದರವಾಗಿ ಕೂತು ಅದು ಒಳಗಿಳಿಯದಂತೆ ತಡೆಯುತ್ತದೆ. ಒಳಗಿಳಿದ ರೋಗವನ್ನು ಅದು ಗುಣಪಡಿಸುವುದಿಲ್ಲ. ಆದ್ದರಿಂದ ತಡವಾದ ಮದ್ದಿನ ಬೆಲೆ ಕಡಿಮೆ. ಆದರೆ ಪದರಕ್ಕೂ ಆಯುಸ್ಸಿದೆ. 40ರಿಂದ 45 ದಿನಕ್ಕೆ ಎರಡನೇ ಸಲ ಬಿಡಬೇಕು ಎನ್ನುವುದು ಅದಕ್ಕೇ. ಮೇ 1ಕ್ಕೇ ಮುಗಿಸಿ ನಿಶ್ಚಿಂತರಾದರೆ ಜೂನ್ ಮಧ್ಯಕ್ಕೆ, ಮಳೆ ಜೋರು ಹಿಡಿಯುವ ಹೊತ್ತಿಗೆ, ಅದರ ಬಲ ಮುಗಿಯುತ್ತದೆ. ಕಾಯಿ ಬೆಳೆಯುತ್ತಿರುವುದರಿಂದ ಹೊಸ ಮೈ ಬೇರೆ ಬರಿದಾಗಿರುತ್ತದೆ.

ಅಂದರೆ ತಯಾರಿಯನ್ನು ಬೇಗ ಮಾಡಬೇಕು, ಸಿಂಪಡಣೆಯನ್ನು ಅದರ ಹೊತ್ತಿಗೇ ಮಾಡಬೇಕು. ನಾವು ಎರಡನ್ನೂ "ಮದ್ದು ಬಿಡುವುದು" ಎಂಬ ಒಂದೇ ಕೆಲಸವಾಗಿ ಎಣಿಸುವುದರಿಂದ ತಯಾರಿಯೂ ಸಿಂಪಡಣೆಯ ಗಡುವಿಗೇ ಜೋತುಬೀಳುತ್ತದೆ. ತಯಾರಿಯಲ್ಲೂ ಎಲ್ಲವೂ ಬೇಗ ಆಗಬೇಕೆಂದಿಲ್ಲ. ಮೈಲುತುತ್ತು ತಂದಿಟ್ಟರೆ ಕೆಡುವುದಿಲ್ಲ. ಸುಣ್ಣ ಗಾಳಿಯ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ, ಅದನ್ನು ಕೆಲಸದ ವಾರವೇ ತರಬೇಕು.

ತಪ್ಪು ಕಲ್ಪನೆ: ನಾಲ್ಕು ದಿನದ ಕೆಲಸ, ನಾಲ್ಕೇ ದಿನ ಸಾಕು

ಒಂದು ತೋಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎರಡು ಎಕರೆ, ಒಂಬತ್ತು ಅಡಿ ಅಂತರದ ನಾಟಿ, ಸುಮಾರು 1,100 ಮರ. ಒಂದು ಬ್ಯಾರೆಲ್ ಸರಿಸುಮಾರು 150 ಮರಕ್ಕೆ ಬರುತ್ತದೆ ಎಂದು ಹಿಡಿದರೆ ಎಂಟು ಬ್ಯಾರೆಲ್, ಅಂದರೆ 16 ಕಿಲೋ ಮೈಲುತುತ್ತು, ಅಷ್ಟೇ ಸುಣ್ಣ. ದಿನಕ್ಕೆ ಎರಡು ಬ್ಯಾರೆಲ್ ಖಾಲಿಯಾದರೆ ನಾಲ್ಕು ದಿನ. ಮರದ ಎತ್ತರ, ಕೆಲಸದವರ ಕೈ, ದೋಟಿಯೋ ಮರ ಹತ್ತುವುದೋ ಎಂಬುದರ ಮೇಲೆ ನಿಮ್ಮ ಅಂಕಿ ಬದಲಾಗಬಹುದು. ಆದರೆ ಎಲ್ಲರೂ ತಪ್ಪುವುದು ಈ ಕೊನೆಯ ಸಾಲಿನಲ್ಲಿ.

ನಾಲ್ಕು ದಿನದ ಕೆಲಸ ನಾಲ್ಕು ದಿನದಲ್ಲಿ ಮುಗಿಯಬೇಕಾದರೆ ನಾಲ್ಕೂ ದಿನ ಒಣಗಿರಬೇಕು, ನಾಲ್ಕೂ ದಿನ ಕೆಲಸದವರು ಬರಬೇಕು, ಪಂಪು ಕೈಕೊಡಬಾರದು. ಮೇ ಕೊನೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ. ಮದ್ದು ಕಾಯಿಗೆ ಹಿಡಿದು ಒಣಗುವ ಮುಂಚೆ ಮಳೆ ಸುರಿದರೆ ಆ ಬ್ಯಾರೆಲ್ ಹೋಯಿತು. ಕಳೆದ ವರ್ಷದ ಪಟ್ಟಿ ಪುಸ್ತಕ ತೆರೆದರೆ ನಿಜ ತಿಳಿಯುತ್ತದೆ. ಸಂಬಳ ಕೊಟ್ಟ ದಿನಗಳ ಮೊದಲನೆಯದು ಮೇ 23, ಕೊನೆಯದು ಜೂನ್ 3 ಎಂದಿರಲಿ. ಕೆಲಸ ನಾಲ್ಕೇ ದಿನದ್ದು, ಹಿಡಿದದ್ದು ಹನ್ನೆರಡು ದಿನ. ಯೋಜನೆಗೆ ಬೇಕಾದ ಅಂಕಿ ಹನ್ನೆರಡು. "ಕಳೆದ ವರ್ಷ ಒಬ್ಬರಿಗೆ ಜ್ವರ ಬಂತು, ಒಂದು ಬೊಜ್ಜ ಬಂತು, ಈ ವರ್ಷ ಹಾಗಾಗುವುದಿಲ್ಲ" ಎಂದು ಮನಸ್ಸು ಹೇಳುತ್ತದೆ. ಜ್ವರ, ಬೊಜ್ಜ ಈ ಸಲ ಬಾರದಿರಬಹುದು, ಬೇರೆ ಏನಾದರೂ ಬರುತ್ತದೆ.

ಕೆನಡಾದಲ್ಲಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಲಾಗಿತ್ತು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ಎಂಬುದಕ್ಕೆ ಸುಮಾರು 49. ನಿಜಕ್ಕೂ ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೆಟ್ಟರೆ ಎಂದು ಎಣಿಸಿದ್ದಕ್ಕಿಂತಲೂ ಹೆಚ್ಚು. ಅವರು ಕಣ್ಣ ಮುಂದಿನ ಕೆಲಸವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರು, ಹಿಂದೆ ತಮಗೆ ಎಷ್ಟು ಹಿಡಿದಿತ್ತು ಎಂದು ತಿರುಗಿ ನೋಡಲಿಲ್ಲ.

ತಪ್ಪು ಕಲ್ಪನೆ: ಪ್ರತಿ ಹಂತಕ್ಕೂ ಎರಡು ದಿನ ಹೆಚ್ಚು ಇಟ್ಟರೆ ಭದ್ರ

ಹೀಗೆ ಇಟ್ಟ ದಿನಗಳು ಉಳಿಯುವುದಿಲ್ಲ ಎಂಬುದಕ್ಕೆ ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ 1997ರ ತಮ್ಮ ಪುಸ್ತಕದಲ್ಲಿ ವಿದ್ಯಾರ್ಥಿಗಳ ಉದಾಹರಣೆ ಕೊಟ್ಟರು. ಪಾಠ ಒಪ್ಪಿಸಲು ಹೆಚ್ಚು ಸಮಯ ಬೇಡಿ ಪಡೆದವರು ಶುರು ಮಾಡುವುದೂ ತಡವಾಗಿಯೇ. ಹೆಚ್ಚಿಗೆ ಸಿಕ್ಕಿದ ದಿನಗಳು ಕೆಲಸದ ಮೊದಲಿಗೇ ಖರ್ಚಾಗುತ್ತವೆ, ಅಡಚಣೆ ಬರುವುದು ಕೆಲಸ ಕೈಗೆತ್ತಿಕೊಂಡ ಮೇಲೆ. ಅವರು ಸೂಚಿಸಿದ ಉಪಾಯ ಸರಳ. ಪ್ರತಿ ಹಂತಕ್ಕೆ ಬಿಗಿಯಾದ ಸಮಯ, ಕೈಯಲ್ಲಿರುವ ಬಿಡುವನ್ನೆಲ್ಲ ಒಟ್ಟುಗೂಡಿಸಿ ಕೊನೆಗೆ ಒಂದೇ ಕಡೆ.

ನಮ್ಮ ಎರಡು ಎಕರೆಗೆ ಇದನ್ನು ಹಾಕಿ ನೋಡೋಣ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ನಮ್ಮ ಕರಾವಳಿಗೆ ಅದಾದ ಕೆಲವು ದಿನಕ್ಕೆ. ಆದರೆ 2023ರಲ್ಲಿ ಅದು ಕೇರಳ ತಲುಪಿದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಆ ವರ್ಷ ಪತ್ತನಾಜೆ ಕಳೆಯಲಿ ಎಂದವರಿಗೆ ಒಣ ದಿನವೇ ಸಿಗಲು ಕಾಯಬೇಕಾಯಿತು. ಮೂರು ವರ್ಷದಲ್ಲಿ ಹದಿನೈದು ದಿನದ ಅಂತರ! ಆದ್ದರಿಂದ ಮೇ 15ಕ್ಕೆ ಮೊದಲ ಬ್ಯಾರೆಲ್ ಕಲಸುವುದೆಂದು ಇಡೋಣ. ಹನ್ನೆರಡು ದಿನ ಹಿಡಿದರೆ ಮೇ 26ಕ್ಕೆ ಮುಗಿಯುತ್ತದೆ. ನಾಲ್ಕು ಕೆಲಸದ ದಿನ, ಎಂಟು ಬಿಡುವಿನ ದಿನ. ಆ ಎಂಟನ್ನು ಮೊದಲೇ ಮುಟ್ಟುವಂತಿಲ್ಲ. ಎರಡನೇ ಮದ್ದು ಜೂನ್ ಕೊನೆಯಿಂದ ಜುಲೈ ಮೊದಲ ವಾರದೊಳಗೆ ಬರುತ್ತದೆ.

ಎಷ್ಟು ಲೆಕ್ಕ ಹಾಕಿದರೂ ಮಳೆ ಮೊದಲೇ ಬರುವ ವರ್ಷ ಬಂದೇ ಬರುತ್ತದೆ. ಅದಕ್ಕೆ ಮರಗಳ ಕ್ರಮದಲ್ಲೇ ಉತ್ತರವಿದೆ. ಮನೆಯ ಹತ್ತಿರದಿಂದ ಶುರು ಮಾಡುವುದು ರೂಢಿ. ಬದಲಿಗೆ ಕಳೆದ ವರ್ಷ ಕಾಯಿ ಉದುರಿದ ಮೂಲೆ, ತೋಡಿನ ಬದಿಯ ತಗ್ಗು, ಗಾಳಿ ಬೆಳಕು ಕಡಿಮೆಯಿರುವ ದಟ್ಟ ಜಾಗ ಮೊದಲು. ಮಳೆ ಬಂದು ಕೆಲಸ ಅರ್ಧಕ್ಕೆ ನಿಂತರೆ ಉಳಿದಿರುವುದು ಒಣ ಎತ್ತರದ, ರೋಗ ಕಡಿಮೆ ಬರುವ ಭಾಗ. ಗಡುವು ತಪ್ಪಿದರೂ ನಷ್ಟ ಚಿಕ್ಕದಿರುವಂತೆ ಕೆಲಸ ಜೋಡಿಸುವುದೂ ಯೋಜನೆಯೇ, ಬಹಳ ಜನ ಇದನ್ನು ಮರೆಯುತ್ತಾರೆ.

ತಪ್ಪು ಕಲ್ಪನೆ: ಮನಸ್ಸಿನಲ್ಲೇ ಒಂದು ಮುಂಚಿನ ದಿನ ಇಟ್ಟುಕೊಂಡರೆ ಆಯಿತು

ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟವರಿಗೆ ಹತ್ತು ನಿಮಿಷ ಮುಂದಿದೆ ಎಂಬುದು ಗೊತ್ತೇ ಇರುತ್ತದೆ. ನಾವೇ ಇಟ್ಟ ದಿನವನ್ನು ನಾವೇ ದಾಟುತ್ತೇವೆ, ಯಾರೂ ಕೇಳುವುದಿಲ್ಲ. ದಿನಾಂಕಕ್ಕೆ ಬಲ ಬರುವುದು ಆ ದಿನ ಇನ್ನೊಬ್ಬರು ಅಂಗಳಕ್ಕೆ ಬಂದು ನಿಲ್ಲುತ್ತಾರೆ ಎಂದಾದರೆ.

ಮದ್ದಿನ ವಿಷಯದಲ್ಲಿ ಆ ಇನ್ನೊಬ್ಬರು ಮರ ಹತ್ತುವವರು. ಬಂಟ್ವಾಳ, ಬೆಳ್ತಂಗಡಿ ಕಡೆ ಈ ಕೆಲಸ ಬಲ್ಲವರು ಕಡಿಮೆ, ಗಡುವು ಮಾತ್ರ ಇಡೀ ಸೀಮೆಗೆ ಒಂದೇ. ಮೇ ಕೊನೆಯ ವಾರ ಎಲ್ಲರೂ ಅವರಿಗೇ ಫೋನು ಮಾಡುತ್ತಾರೆ. "ಅಣ್ಣಾ, ಈ ವಾರ ಬರ್ಲಿಕ್ಕೆ ಆಗ್ಲಿಕ್ಕಿಲ್ಲ, ಐದು ತೋಟ ಒಪ್ಪಿಕೊಂಡಾಗಿದೆ" ಎಂಬ ಉತ್ತರ ಬರುತ್ತದೆ. ಅವರು ಹೇಳುವುದು ಸರಿ. ಒಬ್ಬರ ತಡ ಅವರ ತೋಟಕ್ಕಷ್ಟೇ, ಊರಿಗೆ ಊರೇ ತಡ ಮಾಡಿದರೆ ಕೂಲಿ ಏರುತ್ತದೆ, ಇರುವ ಕೆಲವೇ ಜನ ಮಳೆ ಹನಿಯುವಾಗಲೂ ಜಾರುವ ಮರ ಹತ್ತಬೇಕಾಗುತ್ತದೆ. ಕೊನೆ ಗಳಿಗೆಯ ಅಭ್ಯಾಸದ ಬೆಲೆಯನ್ನು ಹೆಚ್ಚಾಗಿ ತೆರುವವರು ಅವರೇ ಎಂಬುದು ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಬಿಸು ಕಳೆದ ವಾರದಲ್ಲೇ ಅವರೊಂದಿಗೆ ಮಾತಾಡಿ ಮೇ 15ರ ದಿನ ಗೊತ್ತು ಮಾಡಿ ಮುಂಗಡ ಕೊಟ್ಟರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಅವರು ಬರುತ್ತಾರೆಂದರೆ ಮೇ 14ರ ರಾತ್ರಿ ತುತ್ತು ನೆನೆಯಲೇಬೇಕು, ಅದಕ್ಕೆ ಮುಂಚೆ ಸುಣ್ಣ ಬರಲೇಬೇಕು, ಅದಕ್ಕೂ ಮುಂಚೆ ಪಂಪು ಓಡಲೇಬೇಕು. ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿ ಮೇ 12ರಿಂದ ಒಬ್ಬರ ಬೆನ್ನಿಗೆ ಒಬ್ಬರಂತೆ ದಿನ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಒಬ್ಬರಲ್ಲಿ ಮಳೆಯಿಂದ ಒಂದು ದಿನ ತಪ್ಪಿದರೆ ಸಾಲು ಪೂರ್ತಿ ಒಂದು ದಿನ ಸರಿಯುತ್ತದೆ, ಯಾರೂ ಹೊರಗುಳಿಯುವುದಿಲ್ಲ. ಮರ ಹತ್ತುವವರಿಗೂ ಎರಡು ವಾರ ತಡೆಯಿಲ್ಲದ ಕೆಲಸ, ಒಣಗಿದ ಮರ.

ಈ ವರ್ಷದ ಮದ್ದು ಬಿಟ್ಟಾದ ಮೇಲೆ ಪಟ್ಟಿ ಪುಸ್ತಕದಲ್ಲಿ ಮೊದಲ ದಿನ, ಕೊನೆಯ ದಿನ, ಮಳೆಗೆ ಹೋದ ದಿನ, ಖಾಲಿಯಾದ ಬ್ಯಾರೆಲ್ ಇಷ್ಟನ್ನು ಬರೆದಿಡಿ. ಮುಂದಿನ ಬಿಸುವಿಗೆ ಫೋನು ಮಾಡುವಾಗ ಬೇಕಾಗುವುದು ಆ ನಾಲ್ಕು ಅಂಕಿಗಳೇ.